‘ನಾನೇ ಮಾಡಿದ್ದು’ ಎಂಬ ಮಾತಿನ ಲೆಕ್ಕ

(ಉಡುಪಿಯಲ್ಲಿ ಖಾಸಗಿ ಸಂಸ್ಥೆಗಳ ನೌಕರರೆದುರು ಆಡಿದ ಮಾತುಗಳ ಬರಹ ರೂಪ. ಅಲ್ಲಿ ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಒಂದೆರಡು ಕಡೆ ವಿಷಯವನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ವಾರ್ಷಿಕ ಸ್ವಮೌಲ್ಯಮಾಪನವನ್ನು ಬರೆಯುವುದು ಹೇಗೆ ಎಂದು ನನ್ನನ್ನು ಕೇಳಿದ್ದೀರಿ. ಮಂಗಳೂರಿನ ಎರಡು ಸಂಸ್ಥೆಗಳಲ್ಲಿ ರಿಪೋರ್ಟಿಂಗ್ ಮ್ಯಾನೇಜರ್ ಆಗಿ ಇಂಥ ಬರಹಗಳನ್ನು ಓದುವ ಕಡೆಯಲ್ಲಿಯೇ ನಾನು ಹೆಚ್ಚು ವರ್ಷ ಕುಳಿತವನು. ಆದ್ದರಿಂದ ಬರೆಯುವವರ ನಿಯಮಗಳನ್ನು ಸಾಲಾಗಿ ಹೇಳುವುದಕ್ಕಿಂತ, ಒಬ್ಬನ ಟಿಪ್ಪಣಿಯನ್ನು ತೆಗೆದುಕೊಂಡು ಅದು ಹೇಗೆ ಬದಲಾಯಿತೆಂಬುದನ್ನು ಹೇಳುವುದು ನನಗೆ ಸುಲಭ. ಆತ ನನ್ನ ಅಕ್ಕನ ಮಗ, ಎಂದರೆ ನಮ್ಮ ಕಡೆಯ ಲೆಕ್ಕದಲ್ಲಿ ಅಳಿಯ. ಗೋಡಂಬಿ ರಫ್ತು ಮಾಡುವ ಸಂಸ್ಥೆಯೊಂದರಲ್ಲಿ ದಾಖಲೆ ಪತ್ರಗಳ ಕೆಲಸ ನೋಡಿಕೊಳ್ಳುತ್ತಾನೆ. ಇದನ್ನು ಹೇಳಲು ಅವನ ಒಪ್ಪಿಗೆ ಉಂಟು. ಸಂಸ್ಥೆಯ ಗುರುತು ಸಿಗಬಾರದೆಂದು ಅಂಕಿಗಳನ್ನು ಮಾತ್ರ ಬದಲಿಸಿದ್ದೇನೆ.

ಆತ ವರ್ಷವಿಡೀ ತನ್ನ ವಾಟ್ಸ್ಆ್ಯಪ್‌ಗೆ ತಾನೇ ಸಂದೇಶ ಕಳುಹಿಸಿಕೊಂಡು ಟಿಪ್ಪಣಿ ಇಡುವವನು. ಏಪ್ರಿಲ್‌ನ ಒಂದು ಭಾನುವಾರ ಅವುಗಳನ್ನೆಲ್ಲ ಒಂದು ಹಾಳೆಗೆ ಇಳಿಸಿಕೊಂಡು ಬಂದು, “ಮಾವ, ಇದನ್ನು ಸ್ವಲ್ಪ ಚಂದ ಮಾಡಿ ಕೊಡಿ, ನಾಡಿದ್ದು ಫಾರ್ಮ್ ತುಂಬಿಸಲಿಕ್ಕುಂಟು” ಎಂದ. ಹಾಳೆಯಲ್ಲಿ ಇದ್ದದ್ದು ಹೀಗೆ:

“ಡೆಮರೇಜ್ ಝೀರೋ ಮಾಡಿದ್ದು ನಾನೇ. ನಾನಿಲ್ಲದಿದ್ರೆ ಅರ್ಧ ಕಂಟೇನರ್ ಇವತ್ತಿಗೂ ಪಣಂಬೂರಿನ ದಾರಿಯಲ್ಲೇ ಇರ್ತಿತ್ತು. ಜರ್ಮನಿ ಪಾರ್ಟಿ ಕೈ ಬಿಟ್ಟು ಹೋಗ್ತಿತ್ತು, ಉಳಿಸಿದ್ದು ನಾನೇ. ಹೊಸ ಇಬ್ಬರನ್ನೂ ತಯಾರು ಮಾಡಿದ್ದು ನಾನೇ. ಇಡೀ ಆಫೀಸಿನಲ್ಲಿ ನನ್ನಷ್ಟು ಹೊತ್ತು ಕೂತವರು ಯಾರೂ ಇಲ್ಲ.”

ಇದನ್ನು ಓದಿ ನಗುವುದು ಸುಲಭ. ಆದರೆ ಜಂಬದ ಟಿಪ್ಪಣಿಯನ್ನು ಬರೆದವನು ಸುಳ್ಳುಗಾರನೆಂದು ತೀರ್ಮಾನಿಸಬೇಡಿ. ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೊಲಿ ಎಂಬ ಸಂಶೋಧಕರು 1979ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಉಂಟು. ಮನೆಯ ಕೆಲಸಗಳಲ್ಲಿ ನಿಮ್ಮ ಪಾಲು ಎಷ್ಟೆಂದು ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೇಳಿ, ಇಬ್ಬರ ಉತ್ತರವನ್ನೂ ಕೂಡಿಸಿದಾಗ ಹೆಚ್ಚಿನ ಜೋಡಿಗಳಲ್ಲಿ ಮೊತ್ತವು ನೂರನ್ನು ದಾಟಿತ್ತು. ಅವರು ಕಂಡ ಮುಖ್ಯ ಕಾರಣವೆಂದರೆ, ಪ್ರತಿಯೊಬ್ಬರಿಗೂ ತಾವು ಮಾಡಿದ ಕೆಲಸದ ಉದಾಹರಣೆಗಳು ಹೆಚ್ಚು ನೆನಪಿಗೆ ಬರುತ್ತವೆ, ಜೊತೆಯವರು ಮಾಡಿದ್ದು ಅಷ್ಟಾಗಿ ಬರುವುದಿಲ್ಲ. ಅಳಿಯನ ಹಾಳೆಯಲ್ಲಿ ಇದ್ದದ್ದೂ ಇದೇ. ಅವನಿಗೆ ತನ್ನ ಕೈಯ ಕೆಲಸ ಕಾಣುತ್ತಿತ್ತು. ಲಾರಿಯವರದು, ಪ್ಯಾಕಿಂಗ್ ವಿಭಾಗದವರದು, ಮ್ಯಾನೇಜರ್ ಮೇಡಂ ಅವರದು ಕಾಣುತ್ತಿರಲಿಲ್ಲ.

ಆದ್ದರಿಂದ ನಾನು ಚಂದ ಮಾಡಲು ಹೋಗಲಿಲ್ಲ. ಚಂದ ಮಾಡಿದ್ದರೆ “ಸಂಸ್ಥೆಯ ಏಳಿಗೆಗಾಗಿ ಅವಿರತವಾಗಿ ಶ್ರಮಿಸಿದ್ದೇನೆ” ಎಂಬಂಥ ಒಂದು ವಾಕ್ಯ ಹುಟ್ಟುತ್ತಿತ್ತು, ಮತ್ತು ಅದು ಅವನ ಹಾಳೆಗಿಂತ ಕೆಟ್ಟದ್ದು. ಜಂಬದ ಮಾತಿನಲ್ಲಿ ಕನಿಷ್ಠ ಪರೀಕ್ಷಿಸಬಹುದಾದ ಒಂದು ಸಂಗತಿಯಾದರೂ ಇರುತ್ತದೆ, ಈ ವಿನಯದ ವಾಕ್ಯದಲ್ಲಿ ಅದೂ ಇರುವುದಿಲ್ಲ. ನಾನು ಮೊದಲು ಮಾಡಿದ್ದು, ಪೆನ್ಸಿಲ್ ತೆಗೆದುಕೊಂಡು ಎರಡು ಬಗೆಯ ಮಾತುಗಳಿಗೆ ಗುರುತು ಹಾಕಿದ್ದು. ಒಂದು, ‘ನಾನೇ’ ಎಂಬಲ್ಲಿರುವ ಏಕಾರ, ಇನ್ನೊಂದು, ‘ಇಲ್ಲದಿದ್ದರೆ’. ನಮ್ಮ ಭಾಷೆಯಲ್ಲಿ ಒಂದು ಏಕಾರ ಉಳಿದವರನ್ನೆಲ್ಲ ಕೋಣೆಯಿಂದ ಹೊರಗೆ ಹಾಕಿಬಿಡುತ್ತದೆ. ‘ನಾನು ಮಾಡಿದೆ’ ಎಂದರೆ ಬೇರೆಯವರೂ ಮಾಡಿರಬಹುದು. ‘ನಾನೇ ಮಾಡಿದ್ದು’ ಎಂದರೆ ಬೇರೆ ಯಾರೂ ಮಾಡಿಲ್ಲ ಎಂಬ ಎರಡನೆಯ ಹೇಳಿಕೆಯೂ ಅದರೊಳಗೆ ಅಡಗಿದೆ, ಮತ್ತು ಅದಕ್ಕೂ ಪುರಾವೆ ಬೇಕು. ‘ಇಲ್ಲದಿದ್ದರೆ’ ಎಂಬುದು ಇನ್ನೂ ದುಬಾರಿ, ಏಕೆಂದರೆ ನಡೆಯದ ವರ್ಷವೊಂದರ ಬಗ್ಗೆ ಅದು ಮಾತಾಡುತ್ತದೆ. ಅಂಥ ವರ್ಷದ ಕಡತ ಯಾರ ಕಪಾಟಿನಲ್ಲಿಯೂ ಇಲ್ಲ.

ಮೊದಲ ಸಾಲಿಗೆ ಬರೋಣ. ಅದರಲ್ಲಿರುವ ಶಬ್ದವೇ ತಪ್ಪು. ರಫ್ತಿಗಾಗಿ ಖಾಲಿ ಕಂಟೇನರನ್ನು ಯಾರ್ಡ್‌ನಿಂದ ಎತ್ತಿದ ದಿನದಿಂದ, ಅದರಲ್ಲಿ ಸರಕು ತುಂಬಿ, ಎಂದರೆ ಸ್ಟಫಿಂಗ್ ಮಾಡಿ, ಬಂದರಿನ ಗೇಟಿನೊಳಗೆ ಕಳುಹಿಸುವವರೆಗೆ ಹಡಗು ಕಂಪನಿಯು ಕೆಲವು ಉಚಿತ ದಿನಗಳನ್ನು ಕೊಡುತ್ತದೆ. ಅದನ್ನು ಮೀರಿದರೆ ಕಂಪನಿ ಹಾಕುವ ದಂಡಕ್ಕೆ ಡಿಟೆನ್ಶನ್ ಎಂದು ಹೆಸರು. ಬಂದರಿನ ಒಳಗೆ ಕಂಟೇನರ್ ಹೆಚ್ಚು ದಿನ ಬಿದ್ದುಕೊಂಡರೆ ಬರುವ ಖರ್ಚು ಬೇರೆ. ಮಾತಿನಲ್ಲಿ ನಾವು ಎರಡನ್ನೂ ಡೆಮರೇಜ್ ಎನ್ನುತ್ತೇವೆ, ಅದಕ್ಕೆ ತೊಂದರೆಯಿಲ್ಲ. ಆದರೆ ಇನ್‌ವಾಯ್ಸ್‌ನಲ್ಲಿ ಡಿಟೆನ್ಶನ್ ಎಂದು ಇರುವಾಗ ಅಪ್ರೈಸಲ್‌ನಲ್ಲಿ ಡೆಮರೇಜ್ ಎಂದು ಬರೆದರೆ, ಓದುವವರು ಲೆಕ್ಕಪತ್ರ ವಿಭಾಗದಲ್ಲಿ ಹುಡುಕಿದಾಗ ಅದು ಸಿಗುವುದಿಲ್ಲ. ಅಪ್ರೈಸಲ್‌ನಲ್ಲಿ ಕಾಗದದಲ್ಲಿರುವ ಶಬ್ದವನ್ನೇ ಬಳಸಬೇಕು.

“ಝೀರೋ ಎಂದು ಬರೆದಿದ್ದೀಯಲ್ಲ, ಬಿಲ್ ತೋರಿಸು ಮಾರಾಯ” ಎಂದೆ. ಮರುದಿನ ಆತ ಕಚೇರಿಯಲ್ಲಿ ಹಡಗು ಕಂಪನಿಗಳ ಬಿಲ್‌ಗಳನ್ನು ನೋಡಿ ಬಂದ. ಹಿಂದಿನ ಹಣಕಾಸು ವರ್ಷದಲ್ಲಿ 64 ಕಂಟೇನರ್‌ಗಳ ಪೈಕಿ 11ಕ್ಕೆ ಡಿಟೆನ್ಶನ್ ಬಿದ್ದಿತ್ತು. ಈ ವರ್ಷ 41ರಲ್ಲಿ 3ಕ್ಕೆ ಬಿದ್ದಿತ್ತು. ಹಾಗಾದರೆ ಝೀರೋ ಅಲ್ಲ. ಆದರೂ ಅವನ ಮುಖ ಅರಳಿತು, ಏಕೆಂದರೆ 11ರಿಂದ 3ಕ್ಕೆ ಇಳಿದಿದೆ. ಶೇಕಡಾ ಎಪ್ಪತ್ತಕ್ಕಿಂತ ಹೆಚ್ಚು ಇಳಿಕೆ ಎಂದು ಬರೆಯಬಹುದಲ್ಲ ಎಂದ. ಇಂಥ ಶೇಕಡಾವಾರು ಲೆಕ್ಕವನ್ನು ನಾನು ಎಷ್ಟೋ ಫಾರ್ಮ್‌ಗಳಲ್ಲಿ ಓದಿದ್ದೇನೆ. ಅದು ಸುಳ್ಳಲ್ಲ, ಆದರೆ ಪ್ರಾಮಾಣಿಕವೂ ಅಲ್ಲ.

ಏಕೆಂದರೆ ಕಂಟೇನರ್‌ಗಳೇ ಕಡಿಮೆಯಾಗಿದ್ದವು. ಹಿಂದಿನ ವರ್ಷದ ಪ್ರಮಾಣದಲ್ಲಿಯೇ ತಡವಾಗಿದ್ದರೂ 41ರಲ್ಲಿ ಸುಮಾರು 7ಕ್ಕೆ ದಂಡ ಬೀಳುತ್ತಿತ್ತು. ಎಂದರೆ 11ರಿಂದ 7ರವರೆಗಿನ ಇಳಿಕೆಯನ್ನು ತಂದದ್ದು ಮಂದಗತಿಯ ವ್ಯಾಪಾರ, ನನ್ನ ಅಳಿಯನಲ್ಲ. ಇನ್ನು 7ರಿಂದ 3. ಇಲ್ಲಿ ಅವನು ಮರೆತಿದ್ದ ಒಂದು ಸಂಗತಿ ಮಾತಿನ ನಡುವೆ ಹೊರಬಿತ್ತು: ವರ್ಷದ ಆರಂಭದಲ್ಲಿ ಮ್ಯಾನೇಜರ್ ಮೇಡಂ ಹಡಗು ಕಂಪನಿಯವರೊಡನೆ ಮಾತಾಡಿ, 5 ಇದ್ದ ಉಚಿತ ದಿನಗಳನ್ನು 7 ಮಾಡಿಸಿದ್ದರು. ಈ ವರ್ಷ ಆರನೆಯ ಅಥವಾ ಏಳನೆಯ ದಿನ ಬಂದರು ಸೇರಿದ ಕಂಟೇನರ್‌ಗಳೆಷ್ಟೆಂದು ನೋಡಿದರೆ 2. ಹಳೆಯ ಕರಾರಿನಲ್ಲಿ ಅವಕ್ಕೂ ದಂಡ ಬೀಳುತ್ತಿತ್ತು. ಆದ್ದರಿಂದ ಹಳೆಯ ಅಳತೆಗೋಲಿನಲ್ಲಿ ಈ ವರ್ಷದ ಸಂಖ್ಯೆ 3 ಅಲ್ಲ, 5. ಉಳಿದದ್ದು 7ರಿಂದ 5ಕ್ಕೆ ಇಳಿದ ಎರಡೇ ಎರಡು ಕಂಟೇನರ್. ಇಷ್ಟು ಸಣ್ಣ ಸಂಖ್ಯೆಯಲ್ಲಿ ಎರಡರ ವ್ಯತ್ಯಾಸ ಅದೃಷ್ಟದಿಂದಲೂ ಬರಬಹುದು.

ಇದನ್ನು ಯಾರು ಓದುತ್ತಾರೆಂದು ನೆನಪಿಸಿಕೊಳ್ಳಿ. ಉಚಿತ ದಿನಗಳನ್ನು ಹೆಚ್ಚಿಸಿಕೊಂಡವರೇ ಈ ಫಾರ್ಮನ್ನು ಓದುವವರು. ‘ಝೀರೋ ಮಾಡಿದ್ದು ನಾನೇ’ ಎಂಬ ವಾಕ್ಯ ಅವರ ಮೇಜಿನ ಮೇಲೆ ಬಿದ್ದಿದ್ದರೆ, ಅವರು ಜಗಳ ಮಾಡುತ್ತಿರಲಿಲ್ಲ. ಫಾರ್ಮಿನ ಉಳಿದ ಸಾಲುಗಳನ್ನೂ ಅದೇ ಕಣ್ಣಿನಿಂದ ನೋಡುತ್ತಿದ್ದರು, ಅಷ್ಟೆ.

ಅಳಿಯ ಕುಗ್ಗಿಹೋದ. “ಹಾಗಾದ್ರೆ ನಾನು ಎಂತ ಮಾಡಿದ್ದು ಮಾವ? ಮೇ ತಿಂಗಳಿಂದ ಪ್ರತಿ ಸ್ಟಫಿಂಗಿನ ಹಿಂದಿನ ದಿನ ನಾಲ್ಕು ಗಂಟೆಯೊಳಗೆ ಎಲ್ಲ ಪೇಪರ್ ಕಳಿಸಿದ್ದು ಸುಮ್ಮನೆಯಾ?” ಎಂದ. ಇದು ಹಾಳೆಯಲ್ಲಿ ಇರಲೇ ಇಲ್ಲ. ಅವನ ವರ್ಷದ ನಿಜವಾದ ಕೆಲಸ ಇದೇ ಆಗಿತ್ತು, ಆದರೆ ಅದು ದಿನನಿತ್ಯದ ಕೆಲಸವಾದ್ದರಿಂದ ಹೇಳಿಕೊಳ್ಳಲು ತಕ್ಕದ್ದೆಂದು ಅವನಿಗೆ ಅನ್ನಿಸಿರಲಿಲ್ಲ. ಜಂಬದ ಟಿಪ್ಪಣಿಗಳ ದೊಡ್ಡ ನಷ್ಟ ನನ್ನ ಅನುಭವದಲ್ಲಿ ಇದು: ಫಲಿತಾಂಶದ ಬಗ್ಗೆ ಅವು ಕೂಗುತ್ತವೆ, ಕೆಲಸದ ಬಗ್ಗೆ ಬಾಯಿ ಬಿಡುವುದಿಲ್ಲ.

ಹಾಗಾಗಿ ಪ್ರಶ್ನೆಯನ್ನು ಬದಲಿಸಿದೆವು. ಒಟ್ಟು ದಂಡ ಎಷ್ಟು ಇಳಿಯಿತು ಎಂಬುದನ್ನು ಬಿಟ್ಟು, ಕಾಗದ ಪತ್ರ ಸಿದ್ಧವಿಲ್ಲದ ಕಾರಣಕ್ಕೆ ತಡವಾದದ್ದು ಎಷ್ಟು ಎಂದು ಕೇಳಿದೆವು. ಅವನ ಕೈಯಲ್ಲಿದ್ದದ್ದು ಕಾಗದ. ಲಾರಿಯಲ್ಲ, ಮಳೆಯಲ್ಲ, ಹಡಗಿನ ವೇಳಾಪಟ್ಟಿಯಲ್ಲ. ಕಂಟೇನರ್ ರಿಜಿಸ್ಟರಿನ ‘ತಡವಾದ ಕಾರಣ’ ಎಂಬ ಕಾಲಮ್ಮಿನ ಪ್ರಕಾರ, ಹಿಂದಿನ ವರ್ಷದ 11ರಲ್ಲಿ 6 ಕಾಗದದಿಂದ ತಡವಾದವು, 5 ಲಾರಿ ಅಥವಾ ಹಡಗಿನಿಂದ. ಈ ವರ್ಷ ಹಳೆಯ ಅಳತೆಯ 5ರಲ್ಲಿ ಐದೂ ಲಾರಿ ಅಥವಾ ಹಡಗಿನಿಂದ ತಡವಾದವು. ಕಾಗದದಿಂದ ಒಂದೂ ಇಲ್ಲ.

ಝೀರೋ ಸಿಕ್ಕಿತು! ಆ ಮಾತು ಪೂರ್ತಿ ಸುಳ್ಳಾಗಿರಲಿಲ್ಲ, ತನಗೆ ಸಲ್ಲದ ಜಾಗದಲ್ಲಿ ಕುಳಿತಿತ್ತು. ಹೇಳಿಕೆಯನ್ನು ಕಿರಿದು ಮಾಡುತ್ತ ಹೋದ ಹಾಗೆ ಅದು ದುರ್ಬಲವಾಗುತ್ತದೆಂದು ಆತ ಹೆದರಿದ್ದ, ಆದದ್ದು ತಿರುವುಮುರುವು.

ಆದರೆ ಒಂದು ತೊಡಕು ಉಳಿದಿತ್ತು. ಆ ರಿಜಿಸ್ಟರಿನ ‘ಕಾರಣ’ ಕಾಲಮ್ಮನ್ನು ತುಂಬುವವನು ಯಾರು? ಅಳಿಯನೇ. ತನ್ನ ಕೈಬರಹವನ್ನು ತನಗೆ ಸಾಕ್ಷಿಯಾಗಿ ನಿಲ್ಲಿಸುವುದು ನಡೆಯುವ ಮಾತಲ್ಲ. ಇಂಥಲ್ಲಿ ಬೇರೆಯವರ ಕೈಯಲ್ಲಿ ಹುಟ್ಟಿದ, ಅಥವಾ ಯಾರೂ ತಿದ್ದಲಾಗದ ಹೊತ್ತು ನಮೂದಾಗಿರುವ ಕಾಗದ ಬೇಕು. ಕಸ್ಟಮ್ಸ್ ಬ್ರೋಕರಿಗೆ, ಎಂದರೆ ನಾವೆಲ್ಲ ಇನ್ನೂ ಸಿಎಚ್‌ಎ ಎಂದೇ ಕರೆಯುವವರಿಗೆ, ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್ ಕಳುಹಿಸಿದ ಇಮೇಲ್‌ನ ಹೊತ್ತನ್ನು ಒಂದು ಕಡೆ, ಲಾರಿ ಕಾರ್ಖಾನೆಯ ಗೇಟು ದಾಟಿದ ಹೊತ್ತನ್ನು ಸೆಕ್ಯುರಿಟಿ ಪುಸ್ತಕದಿಂದ ಇನ್ನೊಂದು ಕಡೆ ಇಟ್ಟು ನೋಡಿದ. ಹಿಂದಿನ ವರ್ಷದ ಆರರಲ್ಲಿ ಒಂದು ತಪ್ಪಾಗಿ ನಮೂದಾಗಿತ್ತು: ಕಾಗದ ಬೆಳಿಗ್ಗೆಯೇ ಹೋಗಿತ್ತು, ಲಾರಿ ಬಂದದ್ದು ಮರುದಿನ. ಹಾಗಾಗಿ 6 ಎಂಬುದು 5 ಆಯಿತು. ಈ ತಿದ್ದುಪಡಿಯಿಂದ ಅವನ ಸಾಧನೆ ಸ್ವಲ್ಪ ಸಣ್ಣದಾಯಿತು, ಆದರೂ ಅದನ್ನು ಇಟ್ಟುಕೊಂಡೆವು. ತನಗೆ ಲಾಭವಿಲ್ಲದ ತಿದ್ದುಪಡಿಯನ್ನೂ ಮಾಡಿದ್ದಾನೆಂಬುದು ಓದುವವರಿಗೆ ಕಂಡರೆ, ಉಳಿದ ಅಂಕಿಗಳನ್ನು ಅವರು ಮತ್ತೆ ಎಣಿಸಲು ಹೋಗುವುದಿಲ್ಲ.

ಕೊನೆಗೆ ಆ ಭಾಗ ಹೀಗೆ ನಿಂತಿತು. ಅವರ ಕಚೇರಿಯ ಫಾರ್ಮ್ ಇಂಗ್ಲಿಷಿನದು. ಆದರೆ ಮೊದಲು ಕನ್ನಡದಲ್ಲಿ ಬರೆದು ನೋಡಿದ್ದರಿಂದ ಏಕಾರಗಳು ಎಲ್ಲಿ ನುಸುಳುತ್ತವೆಂದು ಕಂಡುಹಿಡಿಯುವುದು ಸುಲಭವಾಯಿತು.

“ಪ್ಯಾಕಿಂಗ್ ಸೂಪರ್‌ವೈಸರ್ ಅವರೊಡನೆ ಸೇರಿ, ಸ್ಟಫಿಂಗಿನ ಹಿಂದಿನ ದಿನ ಸಂಜೆ 4ರೊಳಗೆ ದಾಖಲೆಗಳನ್ನು ಸಿಎಚ್‌ಎಗೆ ಕಳುಹಿಸುವ ಕ್ರಮವನ್ನು ಮೇ ತಿಂಗಳಲ್ಲಿ ಆರಂಭಿಸಿದೆ. ಹಿಂದಿನ ವರ್ಷ 64 ಕಂಟೇನರ್‌ಗಳ ಪೈಕಿ 5 ದಾಖಲೆಗಳ ಕಾರಣದಿಂದ ಐದು ದಿನ ಮೀರಿದ್ದವು. ಈ ವರ್ಷ 41ರಲ್ಲಿ ಅಂಥದ್ದು ಇಲ್ಲ. ಇಮೇಲ್ ಮತ್ತು ಗೇಟ್ ಪುಸ್ತಕದ ಹೊತ್ತುಗಳನ್ನು ಹೋಲಿಸಿ ಇದನ್ನು ಪರಿಶೀಲಿಸಿದ್ದೇನೆ. ಡಿಟೆನ್ಶನ್ ಬಿದ್ದ ಕಂಟೇನರ್‌ಗಳ ಒಟ್ಟು ಸಂಖ್ಯೆ 11ರಿಂದ 3ಕ್ಕೆ ಇಳಿಯಲು ಕಂಟೇನರ್‌ಗಳ ಸಂಖ್ಯೆ ಕಡಿಮೆಯಾದದ್ದು ಮತ್ತು ಉಚಿತ ದಿನಗಳು 7 ಆದದ್ದೂ ಕಾರಣ. ಲಾರಿ ಮತ್ತು ಹಡಗಿನ ಕಾರಣದಿಂದ ಐದು ದಿನ ಮೀರಿದವು ಹಿಂದಿನ ವರ್ಷ 64ರಲ್ಲಿ 6, ಈ ವರ್ಷ 41ರಲ್ಲಿ 5, ಪ್ರಮಾಣದಲ್ಲಿ ಅವು ಕಡಿಮೆಯಾಗಿಲ್ಲ.”

ಇಲ್ಲಿ ‘ಮಾಡಲಾಯಿತು’ ಎಂಬ ಕರ್ಮಣಿ ಪ್ರಯೋಗ ಇಲ್ಲದಿರುವುದನ್ನು ಗಮನಿಸಿ. ಜಂಬ ಬೇಡವೆಂದು ಹೇಳಿದ ಕೂಡಲೇ ಕೆಲವರು ಕರ್ತೃವನ್ನೇ ಮುಚ್ಚಿಡುತ್ತಾರೆ: ಕ್ರಮವನ್ನು ಆರಂಭಿಸಲಾಯಿತು, ಸುಧಾರಣೆ ತರಲಾಯಿತು. ಯಾರು ಆರಂಭಿಸಿದರು? ಓದುವವರಿಗೆ ತಿಳಿಯಬೇಕಾದದ್ದೇ ಅದು. ‘ನಾನು’ ಎಂದು ಬರೆಯಲು ಸಂಕೋಚ ಬೇಡ, ಬೇಡವಾದದ್ದು ಆ ಏಕಾರ ಮಾತ್ರ.

ಜರ್ಮನಿಯ ಗ್ರಾಹಕರ ವಿಷಯ ಇದಕ್ಕಿಂತ ಸ್ವಾರಸ್ಯಕರ. ಆತ ಮೊಬೈಲಿನಲ್ಲಿ ಒಂದು ಇಮೇಲ್ ತೋರಿಸಿದ. ಗ್ರಾಹಕರು ತ್ವರಿತ ನೆರವಿಗಾಗಿ ಧನ್ಯವಾದ ಹೇಳಿದ್ದರು. ನೋಡಿದರೆ ಒಳ್ಳೆಯ ಪುರಾವೆ. ಆದರೆ ಇಮೇಲ್ ಸರಪಳಿಯ ಮೇಲಿನ ತುದಿಯನ್ನು ಮಾತ್ರ ಓದಿ ನಂಬುವ ಅಭ್ಯಾಸ ನನಗಿಲ್ಲ, ಕೆಳಗಿನವರೆಗೆ ಇಳಿದೆ. ಬುಡದಲ್ಲಿ ಸಮಸ್ಯೆ ಹುಟ್ಟಿದ್ದು ಹೀಗೆ. ಗೋಡಂಬಿ ತಿರುಳನ್ನು 22.68 ಕಿಲೋದ ಪೆಟ್ಟಿಗೆಗಳಲ್ಲಿ ತುಂಬುತ್ತಾರೆ. ಇಪ್ಪತ್ತು ಅಡಿಯ ಕಂಟೇನರಿನಲ್ಲಿ 700 ಪೆಟ್ಟಿಗೆ, ಎಂದರೆ ನಿವ್ವಳ 15,876 ಕಿಲೋ. ಇನ್‌ವಾಯ್ಸ್‌ನಲ್ಲಿ ಇದು ಸರಿಯಾಗಿತ್ತು. ಸರಕು ಯಾವ ದೇಶದ್ದೆಂದು ತಿಳಿಸುವ ಮೂಲ ಪ್ರಮಾಣಪತ್ರಕ್ಕಾಗಿ ಸಲ್ಲಿಸಿದ ಅರ್ಜಿಯಲ್ಲಿ ಮಾತ್ರ 15,867 ಎಂದು ಎರಡು ಅಂಕಿಗಳು ಸ್ಥಾನ ಬದಲಿಸಿದ್ದವು, ಪ್ರಮಾಣಪತ್ರವೂ ಹಾಗೆಯೇ ಬಂದಿತ್ತು. ಹಣ ಬರಬೇಕಾದದ್ದು ಎಲ್.ಸಿ., ಎಂದರೆ ಗ್ರಾಹಕರ ಬ್ಯಾಂಕು ಹಣಕ್ಕೆ ಭರವಸೆ ಕೊಡುವ ಲೆಟರ್ ಆಫ್ ಕ್ರೆಡಿಟ್ ಮೂಲಕ. ಎಲ್.ಸಿ.ಯಲ್ಲಿ ಬ್ಯಾಂಕು ಗೋಡಂಬಿಯನ್ನು ನೋಡುವುದಿಲ್ಲ, ಕಾಗದವನ್ನು ನೋಡುತ್ತದೆ. ಒಂದು ಕಾಗದ ಇನ್ನೊಂದಕ್ಕೆ ವಿರುದ್ಧವಾಗಿದ್ದರೆ ಹಣ ನಿಲ್ಲಿಸುತ್ತದೆ. ಸರಕು ಹಡಗಿಗೇರಿದ 21 ದಿನಗಳೊಳಗೆ ದಾಖಲೆ ಒಪ್ಪಿಸಬೇಕೆಂಬ ಅಂತರರಾಷ್ಟ್ರೀಯ ನಿಯಮದ ಗಡುವೂ ಹತ್ತಿರವಾಗಿತ್ತು. ಗ್ರಾಹಕರು ವ್ಯತ್ಯಾಸವನ್ನು ಒಪ್ಪಿಕೊಂಡು ಪತ್ರ ಕೊಟ್ಟ ಮೇಲೆ ಹಣ ಬಂತು, ಒಂಬತ್ತು ದಿನ ತಡವಾಗಿ, ಬ್ಯಾಂಕಿನ ಶುಲ್ಕ ಕಡಿತಗೊಂಡು.

ಆ ಅರ್ಜಿಯನ್ನು ಟೈಪ್ ಮಾಡಿದವನು ನನ್ನ ಅಳಿಯ.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಆತ, “ಅದನ್ನು ಬಿಟ್ಟುಬಿಡುವ ಮಾವ, ಎರಡೂ ಬೇಡ” ಎಂದ. ಅದು ಸಹಜವಾದ ಆಸೆ. ಆದರೆ ಆ ಒಂಬತ್ತು ದಿನ ಬ್ಯಾಂಕಿಗೆ ಫೋನ್ ಮಾಡಿದವರು ಮೇಡಂ. ಅವರಿಗೆ ನೆನಪಿರುವ ಒಂದು ಘಟನೆ ಬರಹದಲ್ಲಿ ಇಲ್ಲದೆ ಹೋದರೆ, ಅದು ಎಲ್ಲಕ್ಕಿಂತ ಜೋರಾಗಿ ಕೇಳಿಸುತ್ತದೆ. ಆದ್ದರಿಂದ ಬರೆದೆವು: “ಒಂದು ರವಾನೆಯ ಮೂಲ ಪ್ರಮಾಣಪತ್ರದ ಅರ್ಜಿಯಲ್ಲಿ ನಾನು ನಿವ್ವಳ ತೂಕವನ್ನು ತಪ್ಪಾಗಿ ನಮೂದಿಸಿದ್ದರಿಂದ ಹಣ ಒಂಬತ್ತು ದಿನ ತಡವಾಯಿತು ಮತ್ತು ಬ್ಯಾಂಕ್ ಶುಲ್ಕ ತಗಲಿತು. ತಿಳಿದ ದಿನವೇ ಗ್ರಾಹಕರಿಗೆ ವಿವರ ಕಳುಹಿಸಿದೆ. ಅವರ ಒಪ್ಪಿಗೆ ಮರುದಿನ ಬಂತು. ಅಂದಿನಿಂದ ತೂಕವನ್ನು ಕೈಯಿಂದ ಟೈಪ್ ಮಾಡದೆ ಇನ್‌ವಾಯ್ಸ್ ಶೀಟಿನಿಂದ ನೇರವಾಗಿ ತೆಗೆದುಕೊಳ್ಳುತ್ತಿದ್ದೇನೆ. ಅದರ ನಂತರದ 14 ಎಲ್.ಸಿ. ರವಾನೆಗಳಲ್ಲಿ ತೂಕದ ವ್ಯತ್ಯಾಸಕ್ಕಾಗಿ ಬ್ಯಾಂಕು ದಾಖಲೆ ಹಿಂತಿರುಗಿಸಿಲ್ಲ. ಗ್ರಾಹಕರು ಆರು ವಾರಗಳ ಬಳಿಕ ಮತ್ತೆ ಆರ್ಡರ್ ನೀಡಿದ್ದಾರೆ.”

ಕೊನೆಯ ವಾಕ್ಯದಲ್ಲಿ ‘ಆದ್ದರಿಂದ’ ಇಲ್ಲ. ಬೆಲೆಗಾಗಿ ಬಂದರೋ ಅಳಿಯನ ಇಮೇಲಿಗಾಗಿ ಬಂದರೋ ನಮಗೆ ಗೊತ್ತಿಲ್ಲ. ಮೊದಲು ಇದು, ಆಮೇಲೆ ಅದು ಎಂದು ಹೇಳುವ ಹಕ್ಕು ಮಾತ್ರ ನಮಗುಂಟು. ಧನ್ಯವಾದದ ಇಮೇಲನ್ನು ತನ್ನ ಸ್ವಂತ ವಿಳಾಸಕ್ಕೆ ಕಳುಹಿಸಿಕೊಂಡು ಫಾರ್ಮಿಗೆ ಲಗತ್ತಿಸುವ ಯೋಚನೆಯೂ ಅವನಲ್ಲಿತ್ತು. ಗ್ರಾಹಕರ ಪತ್ರಗಳನ್ನು ಕಚೇರಿಯಿಂದ ಹೊರಗೆ ಒಯ್ಯುವುದು ಬೇರೆಯೇ ತಪ್ಪಾಗುತ್ತದೆ. ಕಡತದ ಸಂಖ್ಯೆ ಮತ್ತು ದಿನಾಂಕ ಬರೆದರೆ ಸಾಕು, ಬೇಕಾದವರು ಅಲ್ಲಿಯೇ ತೆರೆದು ನೋಡುತ್ತಾರೆ.

ಉಳಿದ ಎರಡು ಸಾಲುಗಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಬ್ಬರು ಹೊಸಬರಲ್ಲಿ ಒಬ್ಬರು ನಾಲ್ಕನೆಯ ತಿಂಗಳಲ್ಲಿ ಕೆಲಸ ಬಿಟ್ಟಿದ್ದರು. ಇನ್ನೊಬ್ಬರು ನವೆಂಬರ್‌ನಿಂದ ಪೂರ್ಣ ದಾಖಲೆಗಳನ್ನು ತಾವಾಗಿಯೇ ಸಿದ್ಧಪಡಿಸುತ್ತಿದ್ದಾರೆ. ‘ತಯಾರು ಮಾಡಿದೆ’ ಎಂಬುದರ ಬದಲು ಈ ಎರಡು ಸಂಗತಿಗಳನ್ನು ಬರೆದೆವು. ‘ನನ್ನಷ್ಟು ಹೊತ್ತು ಕೂತವರಿಲ್ಲ’ ಎಂಬುದನ್ನು ಪೂರ್ತಿ ಹೊಡೆದುಹಾಕಿದೆ. ಬೇರೆಯವರ ಹಾಜರಿ ಪುಸ್ತಕ ಅವನ ಬಳಿ ಇಲ್ಲ, ಮತ್ತು ಹೆಚ್ಚು ಹೊತ್ತು ಕೂತದ್ದು ಸಾಧನೆಯೋ ನಿಧಾನವೋ ಎಂದು ಓದುವವರು ಕೇಳಬಹುದು.

ಸಭೆಯಲ್ಲಿ ಒಬ್ಬರು ನನ್ನನ್ನು ಕೇಳಿದರು: ಇಷ್ಟೆಲ್ಲ ಮಾಡಿ ಕೊಟ್ಟರೆ ಇನ್‌ಕ್ರಿಮೆಂಟ್ ಹೆಚ್ಚು ಸಿಗುತ್ತದೆಯೇ, ಪಕ್ಕದ ಮೇಜಿನವರು ಝೀರೋ ಎಂದೇ ಬರೆದಿರುತ್ತಾರಲ್ಲ ಎಂದು. ಸಿಗುತ್ತದೆಂದು ನಾನು ಹೇಳಲಾರೆ. ಸಂಬಳದ ಹಣ ಎಷ್ಟೋ ಕಡೆ ಫಾರ್ಮ್ ಓದುವ ಮೊದಲೇ ನಿಗದಿಯಾಗಿರುತ್ತದೆ, ಮತ್ತು ಓದದೆಯೇ ಸಹಿ ಹಾಕುವ ಮ್ಯಾನೇಜರುಗಳನ್ನೂ ನಾನು ಕಂಡಿದ್ದೇನೆ. ಒಂದೆರಡು ವರ್ಷ ನಾನೂ ಹಾಗೆ ಮಾಡಿದ್ದುಂಟು. ಅಳಿಯನಿಗೆ ಆ ವರ್ಷ ಸಿಕ್ಕಿದ್ದು ಎಲ್ಲರಿಗೆ ಸಿಕ್ಕಿದಷ್ಟೇ.

ಆದರೆ ಮಾತುಕತೆಗೆ ಕರೆದಾಗ ಮೇಡಂ ಝೀರೋದ ಬಗ್ಗೆಯೂ ಕೇಳಲಿಲ್ಲ, ತೂಕದ ತಪ್ಪಿನ ಬಗ್ಗೆಯೂ ಕೇಳಲಿಲ್ಲವಂತೆ. ‘ಲಾರಿ ಮತ್ತು ಹಡಗಿನ ಕಾರಣದಿಂದ ಮೀರಿದವು ಪ್ರಮಾಣದಲ್ಲಿ ಕಡಿಮೆಯಾಗಿಲ್ಲ’ ಎಂಬ ಸಾಲಿನ ಕೆಳಗೆ ಗೆರೆ ಎಳೆದು, “ಇದನ್ನು ಯಾರು ನೋಡಿಕೊಳ್ಳಬೇಕು?” ಎಂದು ಕೇಳಿದರಂತೆ. ಜೂನ್‌ನಿಂದ ಲಾರಿಗಳ ಬುಕಿಂಗನ್ನೂ ಅವನೇ ನೋಡಿಕೊಳ್ಳುತ್ತಿದ್ದಾನೆ, ಮಳೆಗಾಲದ ಮೊದಲ ವಾರದಿಂದಲೇ.